ಬಚ್ಚಲುಮನೆಯ ಬಿಸಿನೀರಿನ ನಳದ ಸೋರಿಕೆ: ಪ್ಲಂಬರ್ ಅವರ ಗಮನಕ್ಕೆ

ಮಾನ್ಯರೇ,

ನಮಸ್ಕಾರ. ನೀವು ಸೋಮವಾರ ಬರುವ ಹೊತ್ತಿಗೆ ನಾನು ಪರೀಕ್ಷೆಯ ಮೌಲ್ಯಮಾಪನದ ಕೆಲಸಕ್ಕೆ ಹೋಗಿರುತ್ತೇನೆ. ಮನೆಯಲ್ಲಿ ನಮ್ಮ ಅತ್ತೆಯವರೊಬ್ಬರೇ ಇರುತ್ತಾರೆ. ಅವರಿಗೆ ಕಿವಿ ಸ್ವಲ್ಪ ಮಂದವಾಗಿರುವುದರಿಂದ ಮತ್ತು ಈ ಸೋರಿಕೆ ನೋಡಿದ ಕೂಡಲೇ ಕಾಣುವಂಥದ್ದಲ್ಲವಾದ್ದರಿಂದ, ನಮಗೆ ತಿಳಿದಷ್ಟನ್ನು ಬರೆದಿಟ್ಟಿದ್ದೇನೆ. ದಯವಿಟ್ಟು ಪಾನಾ ಹಚ್ಚುವ ಮೊದಲು ಒಮ್ಮೆ ಪೂರ್ತಿ ಓದಬೇಕೆಂದು ಕೋರುತ್ತೇನೆ.

ಸೋರುತ್ತಿರುವುದು ಕೆಳಗಿನ ಬಚ್ಚಲುಮನೆಯ ಗೋಡೆಗೆ ಕೂಡಿಸಿದ ಎರಡು ಹಿಡಿಕೆಯ ಮಿಕ್ಸರ್ ನಳ. ಎಡಗಡೆಯ ಹಿಡಿಕೆ ಬಿಸಿನೀರಿನದು. ಅದಕ್ಕೆ ಮೇಲೆ ಕೂಡಿಸಿರುವ 25 ಲೀಟರಿನ ಗೀಸರಿನಿಂದ ಪೈಪು ಬರುತ್ತದೆ. ತಣ್ಣೀರನ್ನು ಎಷ್ಟು ಹೊತ್ತು ಬಿಟ್ಟರೂ ಎಲ್ಲಿಯೂ ಒಂದು ಹನಿ ಕಾಣುವುದಿಲ್ಲ. ಬಿಸಿನೀರು ಬಿಟ್ಟು ಸುಮಾರು ಮೂರು ನಿಮಿಷವಾದ ಮೇಲೆ ಎಡಗಡೆಯ ಫ್ಲ್ಯಾಂಜಿನ ಕೆಳಅಂಚಿನಲ್ಲಿ ನೀರು ಜಿನುಗಲು ಶುರುವಾಗಿ ಟೈಲ್ಸಿನ ಮೇಲೆ ಗೆರೆಯಾಗಿ ಇಳಿಯುತ್ತದೆ. ಒಬ್ಬರ ಸ್ನಾನ ಮುಗಿಯುವಷ್ಟರಲ್ಲಿ ಕೆಳಗಿಟ್ಟ ಲೋಟ ಅರ್ಧ ತುಂಬುತ್ತದೆ. ಜನವರಿಯಲ್ಲಿ ಮೊದಲು ಕಂಡಾಗ ಬರೀ ತೇವವಷ್ಟೇ ಇತ್ತು.

ಎಲ್ಲಕ್ಕಿಂತ ಮುಖ್ಯವಾಗಿ ನಿಮಗೆ ತಿಳಿಸಬೇಕಾದ ಸಂಗತಿಯೊಂದಿದೆ. ಬಿಸಿನೀರಿನ ಹಿಡಿಕೆಯನ್ನು ಪೂರ್ತಿ ಬಂದ್ ಮಾಡಿದರೂ ಸೋರಿಕೆ ಆ ಕ್ಷಣಕ್ಕೆ ನಿಲ್ಲುವುದಿಲ್ಲ. ಬಂದ್ ಮಾಡಿದ ಕೂಡಲೇ ಹನಿಗಳು ತುಸು ಜೋರಾಗಿ, ಆಮೇಲೆ ನಿಧಾನವಾಗಿ ಕಡಿಮೆಯಾಗುತ್ತಾ ಹತ್ತು ಹನ್ನೆರಡು ನಿಮಿಷಕ್ಕೆ ಒಣಗುತ್ತವೆ. ಇದನ್ನು ಗಡಿಯಾರ ಇಟ್ಟುಕೊಂಡು ನಾಲ್ಕು ದಿನ ನೋಡಿದ್ದೇನೆ. ಸ್ಪಿಂಡಲಿನ ಬಳಿ ಸೋರುವುದಾದರೆ ಹಿಡಿಕೆ ಮುಚ್ಚಿದ ಮೇಲೆ ಅಲ್ಲಿಗೆ ನೀರೇ ಬರುವುದಿಲ್ಲವಾದ್ದರಿಂದ ಒಡನೆಯೇ ನಿಲ್ಲಬೇಕಿತ್ತು. ಹೀಗಾಗಿ ತೊಂದರೆ ಇರುವುದು ಹಿಡಿಕೆಯಿಂದ ಹಿಂದಕ್ಕೆ, ಗೋಡೆಯ ಕಡೆಗೆ ಎಂದು ನನಗೆ ಅನಿಸುತ್ತದೆ. ಪೈಪಿನಲ್ಲಿ ಉಳಿದ ನೀರು ಆರುವವರೆಗೂ ಜಿನುಗಿ, ಆರಿದ ಮೇಲೆ ಸಂದು ತಾನಾಗಿಯೇ ಮುಚ್ಚಿಕೊಳ್ಳುತ್ತಿರಬೇಕು.

ತೊಂದರೆ ಹಿಡಿಕೆಯದೋ ಕಾವಿನದೋ ಎಂದು ತಿಳಿಯಲು ಗೀಸರನ್ನು ಎರಡು ದಿನ ಹಚ್ಚದೆ ಬಿಟ್ಟು, ಬೆಳಗಿನ ಜಾವ ಅದೇ ಎಡ ಹಿಡಿಕೆಯಿಂದ ತಣ್ಣೀರನ್ನು ಕಾಲು ಗಂಟೆ ಹರಿಸಿದೆವು. ಒಂದು ಹನಿಯೂ ಬರಲಿಲ್ಲ. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ ಗೀಸರ್ ಹಚ್ಚದೆಯೇ ಮತ್ತೊಮ್ಮೆ ನೋಡಿದೆವು. ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಹೇಗೆ ಕಾಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಗೀಸರಿನಲ್ಲಿ ನಿಂತಿದ್ದ ತಣ್ಣೀರು ಎರಡು ಬಕೆಟ್ ಹರಿದುಹೋಗಿ ಟ್ಯಾಂಕಿನ ಬಿಸಿ ನೀರು ಬಂದಾಗ ಫ್ಲ್ಯಾಂಜಿನ ಕೆಳಗೆ ತೆಳುವಾಗಿ ತೇವ ಕಾಣಿಸಿತು. ಬಲಗಡೆಯಿಂದ ಅದೇ ಬಿಸಿ ನೀರನ್ನು ಬಿಟ್ಟಾಗ ಆ ಬದಿ ಒಣಗಿಯೇ ಇತ್ತು. ಹಾಗಾಗಿ ಇದು ಎಡಬದಿಯ ಕೂಡಿಕೆಯೊಂದರದೇ ದೋಷ, ಮತ್ತು ಕಾವು ತಾಗಿದಾಗಲೇ ಅದು ಬಾಯಿ ಬಿಡುತ್ತದೆ ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ.

ಈವರೆಗೆ ಮಾಡಿದ ರಿಪೇರಿಗಳನ್ನೂ ಮುಚ್ಚಿಡದೆ ತಿಳಿಸುತ್ತೇನೆ. ಮೊದಲು ನನ್ನ ತಮ್ಮ ಎಡ ಸ್ಪಿಂಡಲಿನ ವಾಶರ್ ಬದಲಿಸಿದ, ಏನೂ ವ್ಯತ್ಯಾಸವಾಗಲಿಲ್ಲ. ನಂತರ ಎರಡೂ ಸ್ಪಿಂಡಲ್‌ಗಳನ್ನು ಅದಲುಬದಲು ಮಾಡಿ ಕೂಡಿಸಿದ. ಆಗಲೂ ಸೋರಿಕೆ ಎಡಗಡೆಯಲ್ಲಿಯೇ ಉಳಿಯಿತು. ಮಿಕ್ಸರಿಗೂ ಲೆಗ್ಗಿಗೂ ನಡುವಿನ ನಟ್ಟಿನೊಳಗಿನ ರಬ್ಬರ್ ವಾಶರನ್ನೂ ಹೊಸದು ಹಾಕಿದ್ದಾನೆ. ಆಮೇಲೆ ಲೆಗ್ಗನ್ನೇ ಗೋಡೆಯಿಂದ ಬಿಚ್ಚಿ, ಹಳೆಯ ಟೆಫ್ಲಾನ್ ಟೇಪ್ ಕಿತ್ತು, ಹೊಸ ಟೇಪನ್ನು ಹದಿನೈದು ಸುತ್ತಿನಷ್ಟು ದಪ್ಪಗೆ ಸುತ್ತಿ ಪಾನಾ ಹಾಕಿ ಬಲವಾಗಿ ಬಿಗಿದ. ನಾಲ್ಕು ದಿನ ಸೋರಲಿಲ್ಲ. ಐದನೆಯ ದಿನದಿಂದ ಮೊದಲಿಗಿಂತ ಹೆಚ್ಚಾಗಿ ಸೋರಲು ಶುರುವಾಯಿತು. ಅಷ್ಟು ದಪ್ಪ ಟೇಪ್ ಮತ್ತು ಅಷ್ಟು ಬಿಗಿತದಿಂದ ಒಳಗಿನ ಎಲ್ಬೋ ಸೀಳಿರಬಹುದೆಂಬ ಅಂಜಿಕೆ ನನಗಿದೆ. ಕೊನೆಗೆ ಫ್ಲ್ಯಾಂಜಿನ ಸುತ್ತ ಬಿಳಿ ಸಿಮೆಂಟ್ ಮೆತ್ತಿದೆವು. ಅದು ದೊಡ್ಡ ತಪ್ಪಾಯಿತು. ಹೊರಗೆ ಬರಬೇಕಾದ ನೀರು ಗೋಡೆಯೊಳಗೆ ಇಳಿದು, ಆಚೆ ಕೋಣೆಯಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿತು. ಆ ಸಿಮೆಂಟನ್ನು ಈಗ ಪೂರ್ತಿ ಕೆತ್ತಿ ತೆಗೆದಿದ್ದೇವೆ.

ಸಿಮೆಂಟ್ ತೆಗೆದ ಮೇಲೆ ಫ್ಲ್ಯಾಂಜನ್ನು ಮುಂದಕ್ಕೆ ಸರಿಸಿ, ನಟ್ಟಿಗೊಂದು ಮತ್ತು ಲೆಗ್ಗು ಗೋಡೆಯೊಳಗೆ ಹೋಗುವ ಕಡೆಗೊಂದು ಒಣ ಕಾಗದದ ಚೂರು ಸುತ್ತಿ ಬಿಸಿನೀರು ಬಿಟ್ಟು ನೋಡಿದೆ. ನಟ್ಟಿನ ಕಾಗದ ಒಣಗಿಯೇ ಇತ್ತು. ಗೋಡೆಯ ಕಡೆಯದು ನೆನೆಯಿತು. ಅಲ್ಲಿ ಬೋರಿನ ಸವಳು ನೀರಿನ ಬಿಳಿ ಉಪ್ಪು ಗಟ್ಟಿಯಾಗಿ ಕಟ್ಟಿರುವುದನ್ನು ನೋಡಿದರೆ, ನಮ್ಮ ಕಣ್ಣಿಗೆ ಬೀಳುವುದಕ್ಕಿಂತ ಬಹಳ ಮೊದಲಿನಿಂದಲೇ ಸೋರುತ್ತಿರಬೇಕು.

ಮನೆ ಕಟ್ಟುವಾಗ ಟೈಲ್ಸ್ ಹಾಕುವ ಮುಂಚೆ ತೆಗೆದ ಫೋಟೋ ಒಂದು ಸಿಕ್ಕಿದ್ದು, ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಗೀಸರಿನಿಂದ ಇಳಿಯುವ ಪೈಪು ಅದರಲ್ಲಿ ಸಿಪಿವಿಸಿಯ ಕೆನೆಬಣ್ಣದ್ದಾಗಿದೆ. ಆದರೆ ಎಡ ನಳದ ಹಿಂದಿನ ಎಲ್ಬೋ ಮಾತ್ರ ಅಚ್ಚ ಬಿಳಿಯಾಗಿ ಕಾಣುತ್ತದೆ. ತಣ್ಣೀರಿಗೆ ಬಳಸುವ ಎಲ್ಬೋವನ್ನೇ ಅಂದು ಬಿಸಿನೀರಿಗೂ ಹಾಕಿದ್ದಾರೆಯೇ, ಒಳಗೆ ಹಿತ್ತಾಳೆಯ ಮರೆ ಇದೆಯೇ ಅಥವಾ ಬರೀ ಪ್ಲಾಸ್ಟಿಕ್ ಮರೆಯೇ ಎಂಬುದನ್ನು ಲೆಗ್ ಬಿಚ್ಚಿದಾಗ ನೀವು ಟಾರ್ಚ್ ಹಾಕಿ ನೋಡಬೇಕು. ಪ್ಲಾಸ್ಟಿಕ್ ಕಾವಿಗೆ ಹಿತ್ತಾಳೆಗಿಂತ ಹೆಚ್ಚು ಹಿಗ್ಗುತ್ತದೆ. ಎರಡರ ನಡುವಿನ ಮರೆಯೇ ಇಲ್ಲಿ ಸಡಿಲಾಗುತ್ತಿದೆಯೇನೋ ಎಂಬುದು ನನ್ನ ಊಹೆ. ಖಚಿತವಾಗಿ ಹೇಳಬೇಕಾದವರು ನೀವು.

ಎಲ್ಬೋ ಸರಿಯಾಗಿದ್ದರೆ ಟೈಲ್ಸ್ ಮುಟ್ಟದೆ ಲೆಗ್ಗನ್ನು ಹದವಾಗಿ ಕೂಡಿಸಿದರೆ ಸಾಕು. ಸೀಳಿದ್ದರೆ ಅಥವಾ ಅದು ಬಿಸಿನೀರಿಗೆ ತಕ್ಕದ್ದಲ್ಲದಿದ್ದರೆ, ಒಡೆಯುವ ಮೊದಲು ಅತ್ತೆಯವರ ಫೋನಿನಿಂದ ನನಗೊಂದು ಕರೆ ಮಾಡಿ ಖರ್ಚು ಎಷ್ಟಾಗುತ್ತದೆಂದು ತಿಳಿಸಿ, ನಾನು ಬೇಡವೆನ್ನುವುದಿಲ್ಲ. ಅದೇ ನಮೂನೆಯ ಮೂರು ಟೈಲ್ಸುಗಳು ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿವೆ. ಹಿತ್ತಾಳೆ ಮರೆಯಿರುವ ಸಿಪಿವಿಸಿ ಎಲ್ಬೋವನ್ನೇ ಹಾಕಬೇಕು. ದರದ ಕಾರಣಕ್ಕೆ ಬೇರೆಯದು ಬೇಡ. ಅಂಟು ಪೂರ್ತಿ ಒಣಗಿದ ಮೇಲೆ ಗೀಸರ್ ಹಚ್ಚಿ ಬಿಸಿನೀರು ಹರಿಸಿ, ಬಂದ್ ಮಾಡಿದ ನಂತರವೂ ಕಾಲು ಗಂಟೆ ಕಾದು ನೋಡದೆ ದಯವಿಟ್ಟು ಗೋಡೆ ಮುಚ್ಚಬೇಡಿ. ತಣ್ಣೀರಿನಲ್ಲಿ ನೋಡಿದರೆ ಈ ಸೋರಿಕೆ ಸಿಗುವುದಿಲ್ಲ. ಗೋಡೆ ಎರಡು ದಿನ ತೆರೆದೇ ಇದ್ದರೂ ನಮಗೆ ಅಡ್ಡಿಯಿಲ್ಲ.

ಗೀಸರಿನ ಸ್ವಿಚ್ಚನ್ನು ಭಾನುವಾರ ರಾತ್ರಿಯೇ ಆರಿಸಿ, ಮೀಟರ್ ಬಳಿಯ ಎಂಸಿಬಿಯನ್ನೂ ಕೆಳಗಿಳಿಸಿರುತ್ತೇನೆ. ಗೋಡೆ ಹಸಿಯಾಗಿರುವುದರಿಂದ ನೀವೂ ಟೆಸ್ಟರಿನಿಂದ ಒಮ್ಮೆ ನೋಡಿಕೊಳ್ಳಬೇಕು; ನಿಮಗೆ ಏನೂ ಆಗಬಾರದು. ಬಚ್ಚಲಿನ ಗೇಟ್ ವಾಲ್ ಮಾಳಿಗೆಯ ಮೇಲೆ, ಟ್ಯಾಂಕಿನ ಬುಡದಲ್ಲಿರುವ ಎರಡರಲ್ಲಿ ಕೆಂಪು ಹಿಡಿಕೆಯದು. ನೀಲಿ ಹಿಡಿಕೆಯದು ಅಡುಗೆಮನೆಗೆ ಸೇರಿದ್ದರಿಂದ ಅದನ್ನು ಹಾಗೆಯೇ ಬಿಡಿ.

ಅತ್ತೆಯವರ ಮೊಣಕಾಲು ನೋವಿಗೆ ದಿನವೂ ಬಿಸಿನೀರು ಬೇಕು. ಈ ಹತ್ತು ದಿನಗಳಿಂದ ಒಲೆಯ ಮೇಲೆ ಕಾಯಿಸಿದ ನೀರನ್ನು ಅಡುಗೆಮನೆಯಿಂದ ಬಚ್ಚಲಿಗೆ ಹೊತ್ತು ತರುತ್ತಿದ್ದೇವೆ. ಆದ್ದರಿಂದ ಸೋಮವಾರದ ದಿನವನ್ನು ತಪ್ಪಿಸದೆ ಬರಬೇಕೆಂದು ಕೇಳಿಕೊಳ್ಳುತ್ತೇನೆ. ಮುಂಗಡದ ಹಣವನ್ನು ಅತ್ತೆಯವರ ಕೈಯಲ್ಲಿ ಕೊಟ್ಟಿದ್ದೇನೆ. ಉಳಿದುದನ್ನು ನಾನು ಸಂಜೆ ಆರಕ್ಕೆ ಬಂದ ಮೇಲೆ ಕೊಡುತ್ತೇನೆ. ಬಿಚ್ಚಿ ತೆಗೆದ ಹಳೆಯ ಸಾಮಾನನ್ನು ಎಸೆಯದೆ ಇಟ್ಟಿರಿ, ನಾನೂ ನೋಡಬೇಕು.

ಇಂತಿ ನಿಮ್ಮ ವಿಶ್ವಾಸಿ,
ಬೇವಿನಮರದ ಮನೆಯ ಟೀಚರ್,
ರಾಯಚೂರು