ವಿಷಯ: 3ನೇ ತಾರೀಖಿನ ಬೆಲ್ಲದ ಸ್ಯಾಂಪಲ್ – ಯುಗಾದಿ ಆರ್ಡರ್ ಬಗ್ಗೆ 16ರ ಸೋಮವಾರದೊಳಗೆ ಒಂದು ಸಾಲಿನ ಉತ್ತರ ಕೋರಿ

ದಿನಾಂಕ: 10 ಫೆಬ್ರವರಿ 2026, ಮಂಗಳವಾರ

ಸುಮಾ ಮೇಡಂ ಅವರಿಗೆ ನಮಸ್ಕಾರ.

ಕಳೆದ ಮಂಗಳವಾರ, ಫೆಬ್ರವರಿ 3ರಂದು, ನಿಮ್ಮ ಮೈಸೂರಿನ ಗೋಡೌನ್‌ಗೆ ಅಚ್ಚು ಬೆಲ್ಲದ ಎರಡು ಸ್ಯಾಂಪಲ್ ಪ್ಯಾಕೆಟ್ ತಲುಪಿಸಿ, ಅದೇ ಮಧ್ಯಾಹ್ನ ದರಪಟ್ಟಿಯನ್ನು ಮೇಲ್ ಮಾಡಿದ್ದೆ. ಪ್ಯಾಕೆಟ್ ಬಂದದ್ದಕ್ಕೆ ಗೇಟಿನಲ್ಲಿ ಸಹಿ ಹಾಕಿಕೊಟ್ಟಿದ್ದಾರೆ. ಮೇಲ್ ನಿಮ್ಮ ಕಣ್ಣಿಗೆ ಬಿತ್ತೋ ಇಲ್ಲವೋ ತಿಳಿಯಲಿಲ್ಲ. ಲ್ಯಾಬ್ ವರದಿ, ಫೋಟೊ ಎಲ್ಲ ಸೇರಿ ಲಗತ್ತು ದೊಡ್ಡದಿತ್ತು, ಸ್ಪ್ಯಾಮ್‌ಗೆ ಹೋಗಿದ್ದರೂ ಹೋಗಿರಬಹುದು. ಶಿವರಾತ್ರಿ ಭಾನುವಾರವೇ ಇರುವುದರಿಂದ ನಿಮ್ಮಲ್ಲಿ ಕೆಲಸ ಹೆಚ್ಚಿರುವುದೂ ಸಹಜ. ಹಳೆಯದನ್ನು ಹುಡುಕುವ ಶ್ರಮ ಬೇಡವೆಂದು ಅದೇ ಮೇಲ್‌ಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಈ ಸಲ ಲಗತ್ತು ಎರಡೇ, ಎರಡೂ ಸೇರಿ 1 ಎಂಬಿಯೊಳಗಿವೆ.

ಕೇಳಬೇಕಾದದ್ದು ಇಷ್ಟೇ: ಯುಗಾದಿಗೆ 2,000 ಕೆ.ಜಿ. ಅಚ್ಚು ಬೆಲ್ಲ ನಿಮಗೆ ಬೇಕಾಗುತ್ತದೆಯೇ? ಫೆಬ್ರವರಿ 16ರ ಸೋಮವಾರ ಸಂಜೆಯೊಳಗೆ ಈ ಮೂರರಲ್ಲಿ ಒಂದನ್ನು ಬರೆದರೆ ಸಾಕು:

1. ಬೇಕು – ಪೂರ್ತಿ 2,000 ಕೆ.ಜಿ., ಇಲ್ಲವೇ ಪರೀಕ್ಷೆಗೆಂದು 500 ಕೆ.ಜಿ.
2. ಇನ್ನೂ ನೋಡುತ್ತಿದ್ದೇವೆ – ಇಂಥ ದಿನ ಹೇಳುತ್ತೇವೆ.
3. ಈ ಸಲ ಬೇಡ.

ಮೂರನೆಯದನ್ನು ಬರೆಯಲು ಸಂಕೋಚ ಬೇಡ ಮೇಡಂ. ಕಾರಣ ಹೇಳಬೇಕೆಂದೂ ಇಲ್ಲ. ಬೇಡವೆಂದು ಬೇಗ ತಿಳಿದರೂ ನಮಗೆ ಅನುಕೂಲವೇ.

16 ಎಂದು ದಿನ ಗೊತ್ತು ಮಾಡಿದ್ದು ನಿಮ್ಮನ್ನು ಅವಸರ ಪಡಿಸಲಿಕ್ಕಲ್ಲ. ನಮ್ಮ ಉಪನಾಲೆಗೆ ಮುಂದಿನ ಕಟ್ಟು ನೀರು ಬರುವುದು 17ರ ಮಂಗಳವಾರ. ಬೆಲ್ಲಕ್ಕೆ ಕಡಿಯುವ ಕಬ್ಬಿಗೆ ಕಟಾವಿಗೆ ಹತ್ತು ಹನ್ನೆರಡು ದಿನ ಮೊದಲೇ ನೀರು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಕಬ್ಬಿನ ಹಾಲು ತೆಳ್ಳಗಾಗುತ್ತದೆ, ಕುದಿಯುವ ಹೊತ್ತು ಹೆಚ್ಚುತ್ತದೆ, ಹೆಚ್ಚು ಕುದ್ದಷ್ಟೂ ಬಣ್ಣ ಕಪ್ಪಾಗುತ್ತದೆ. ನಿಮ್ಮ ಆರ್ಡರ್ ಇದ್ದರೆ ಆ ಗದ್ದೆಗೆ 17ಕ್ಕೆ ನೀರು ಹಾಯಿಸುವುದಿಲ್ಲ. ಇಲ್ಲದಿದ್ದರೆ ಹಾಯಿಸಿ, ಅದೇ ಕಬ್ಬನ್ನು ಆಮೇಲೆ ಕಾರ್ಖಾನೆಗೋ ಮಂಡ್ಯ ಮಾರುಕಟ್ಟೆಯ ಬಕೆಟ್ ಬೆಲ್ಲಕ್ಕೋ ಬಿಡುತ್ತೇವೆ. ಒಮ್ಮೆ ನೀರು ಕುಡಿಸಿದ ಗದ್ದೆಯನ್ನು ಯುಗಾದಿಯ ಲೆಕ್ಕಕ್ಕೆ ತರಲಾಗದು.

ಮುಂದಿನ ದಿನಗಳ ಲೆಕ್ಕ ಹೀಗಿದೆ. ಯುಗಾದಿ ಮಾರ್ಚ್ 19, ಗುರುವಾರ. ಅದಕ್ಕೆ ಹತ್ತು ದಿನ ಮುಂಚೆ, ಅಂದರೆ 9ರ ಸೋಮವಾರ ಮಾಲು ನಿಮ್ಮ ಗೋಡೌನ್‌ನಲ್ಲಿರಬೇಕು ಎಂದು ಇಟ್ಟುಕೊಂಡಿದ್ದೇನೆ. ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ ಇಳಿಯುತ್ತದೆ, ಹಾಗಾಗಿ ನಿಮ್ಮದಕ್ಕೆ 20 ಟನ್ ಕಬ್ಬು ಬೇಕು. ನಮ್ಮ ಕೊಪ್ಪರಿಗೆಯಲ್ಲಿ ಒಂದು ಪಾಕಕ್ಕೆ 100 ಕೆ.ಜಿ. ಆಸುಪಾಸು ಬರುತ್ತದೆ, ದಿನಕ್ಕೆ ಐದರಿಂದ ಆರು ಪಾಕ. ಫೆಬ್ರವರಿ 27ರಿಂದ ಮಾರ್ಚ್ 2ರವರೆಗೆ ನಾಲ್ಕು ದಿನ ಆಲೆಮನೆ ನಡೆಯುತ್ತದೆ. ಕಡಿದ ಕಬ್ಬನ್ನು ರಾಶಿ ಹಾಕಿ ಇಡುವಂತಿಲ್ಲ. 24 ಗಂಟೆಯೊಳಗೆ ಅರೆಯದಿದ್ದರೆ ಸಕ್ಕರೆ ಒಡೆದು, ಅಚ್ಚು ಗಟ್ಟಿ ನಿಲ್ಲದೆ ಮೆತ್ತಗಾಗುತ್ತದೆ. ಆದ್ದರಿಂದ ಅಂದಂದಿನ ಕಬ್ಬನ್ನು ಅಂದಂದೇ ಕಡಿಯುವ ತಂಡ ಬೇಕು, ಅವರಿಗೆ ವಾರ ಮೊದಲೇ ಹೇಳಿಡಬೇಕು. ಆಮೇಲೆ ನೆರಳಲ್ಲಿ ಮೂರು ದಿನ ಆರಿಸುವುದು, ಮಾರ್ಚ್ 5ರಿಂದ 7ರವರೆಗೆ ಪ್ಯಾಕಿಂಗ್. ಬಿಸಿ ಆರದ ಬೆಲ್ಲವನ್ನು ಕವರಿಗೆ ತುಂಬಿದರೆ ಒಳಗೆ ಬೆವರಿ ಬೂಸಲು ಬರುತ್ತದೆ. ಆರಿಸುವ ಈ ಮೂರು ದಿನವನ್ನು ಮಾತ್ರ ಯಾರು ಕೇಳಿದರೂ ಕಡಿಮೆ ಮಾಡುವುದಿಲ್ಲ.

ದರ ಹಿಂದಿನ ಮೇಲ್‌ನದ್ದೇ, ಬದಲಾಗಿಲ್ಲ. 1 ಕೆ.ಜಿ. ಪ್ಯಾಕೆಟ್ 78 ರೂಪಾಯಿ, ಅರ್ಧ ಕೆ.ಜಿ. 41 ರೂಪಾಯಿ, ನಿಮ್ಮ ಗೋಡೌನ್ ತಲುಪಿಸುವ ಬಾಡಿಗೆ ಸೇರಿ. 1,200 ದೊಡ್ಡ ಪ್ಯಾಕೆಟ್‌ಗೆ 93,600, 1,600 ಸಣ್ಣದಕ್ಕೆ 65,600, ಒಟ್ಟು 1,59,200 ರೂಪಾಯಿ. ಲೇಬಲ್ ಹಚ್ಚಿದ ಪ್ಯಾಕೆಟ್ ಆದ್ದರಿಂದ ಶೇ 5 ಜಿಎಸ್‌ಟಿ 7,960 ಸೇರಿ 1,67,160. ಮುಂಗಡ 50,000, ಉಳಿದದ್ದು ಮಾಲು ಇಳಿಸಿದ 15 ದಿನದೊಳಗೆ. 500 ಕೆ.ಜಿ. ಮಾತ್ರ ಸಾಕೆಂದರೆ ಎಲ್ಲವೂ 1 ಕೆ.ಜಿ. ಪ್ಯಾಕೆಟ್, 81 ರೂಪಾಯಿಯಂತೆ. ಅಷ್ಟು ಕಡಿಮೆಗೆ ನಿಮ್ಮ ಹೆಸರಿನ ಲೇಬಲ್ ಅಚ್ಚು ಹಾಕಿಸುವುದು ಗಿಟ್ಟುವುದಿಲ್ಲ, ನಮ್ಮ ಲೇಬಲ್‌ನಲ್ಲೇ ಬರುತ್ತದೆ. ಈ ದರ ಫೆಬ್ರವರಿ ಕೊನೆಯವರೆಗೆ ನಿಲ್ಲುತ್ತದೆ. ಮುಂಗಡದ ವಿಷಯದಲ್ಲಿ ನಿಮ್ಮ ಕಚೇರಿಯ ಪದ್ಧತಿ ಬೇರೆಯಿದ್ದರೆ ಹೇಳಿ, ಮಾತಾಡಿ ಸರಿಮಾಡಿಕೊಳ್ಳಬಹುದು.

ಉತ್ತರ ಕೊಡಲು ಇಷ್ಟು ಓದಿದರೆ ಸಾಕು. ಇಲ್ಲಿಂದ ಮುಂದಿನದು ನಿಮ್ಮ ಗುಣಮಟ್ಟ ನೋಡುವವರು, ಅಂಗಡಿಯವರು ಕೇಳಬಹುದಾದ ಪ್ರಶ್ನೆಗಳಿಗೆ.

ಬಣ್ಣ. ಸ್ಯಾಂಪಲ್ ನೋಡಿದವರು ಮೊದಲು ಕೇಳುವುದು ಇದನ್ನೇ: ಅಂಗಡಿಯ ಹಳದಿ ಬೆಲ್ಲದ ಹಾಗೆ ಏಕಿಲ್ಲ? ಆ ಹಳದಿ ಬರುವುದು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದರಿಂದ. ಅದು ಬಣ್ಣವನ್ನು ತಾತ್ಕಾಲಿಕವಾಗಿ ತೆಗೆಯುತ್ತದೆ, ಕೆಲವು ವಾರದಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ, ಗಂಧಕದ ಅಂಶ ಮಾತ್ರ ಒಳಗೇ ಉಳಿಯುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ ದಾಟಬಾರದೆಂದು ಆಹಾರ ಸುರಕ್ಷತೆಯ ನಿಯಮವಿದೆ. ನಾವು ಹೈಡ್ರೋಸ್ ಮುಟ್ಟುವುದಿಲ್ಲ. ಲಗತ್ತಿಸಿದ ವರದಿಯಲ್ಲಿ 'ಪತ್ತೆಯಾಗಿಲ್ಲ' ಎಂದಿದೆ, ತೇವಾಂಶ ಶೇ 5.8. ನಮ್ಮಲ್ಲಿ ಕೊಳೆ ತೆಗೆಯುವುದು ಬೆಂಡೆ ಗಿಡದ ಲೋಳೆಯಿಂದ, ಜೊತೆಗೆ ಹುಳಿ ಮುರಿಯಲು ಸ್ವಲ್ಪ ಸುಣ್ಣದ ತಿಳಿ. ಸುಣ್ಣ ಹೆಚ್ಚಾದರೂ ಬಣ್ಣ ಕೆಡುತ್ತದೆ, ಅದಕ್ಕೇ ಪ್ರತಿ ಕೊಪ್ಪರಿಗೆಗೂ ಪಿಎಚ್ ಕಾಗದ ಅದ್ದಿ ನೋಡುತ್ತೇವೆ. ಹದ ಇಳಿಸುವುದು 118ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ, ಥರ್ಮಾಮೀಟರ್ ಇಟ್ಟು. ತಣ್ಣೀರಿಗೆ ಹನಿ ಬಿಟ್ಟು ಉಂಡೆ ಕಟ್ಟಿ ನೋಡುವ ಹಳೆಯ ಕ್ರಮವನ್ನೂ ಬಿಟ್ಟಿಲ್ಲ. ನಿಜ ಹೇಳಬೇಕೆಂದರೆ ಪಾಕ ಇಳಿಸುವ ನಮ್ಮ ಹಿರಿಯರು ಥರ್ಮಾಮೀಟರನ್ನು ಇನ್ನೂ ಪೂರ್ತಿ ನಂಬಿಲ್ಲ.

ನೊರೆ ಉಕ್ಕದಿರಲು ಹಾಕುವುದು ಕೊಬ್ಬರಿ ಎಣ್ಣೆ. ಕಡಲೆಕಾಯಿ ಎಣ್ಣೆ ಹಾಕುವ ಆಲೆಮನೆಗಳಿವೆ. ಕಡಲೆಕಾಯಿ ಆಗದ ಗಿರಾಕಿಗಳಿರುವುದರಿಂದ ನಿಮ್ಮವರು ಕೇಳಿಯೇ ಕೇಳುತ್ತಾರೆಂದು ಮೊದಲೇ ಹೇಳುತ್ತಿದ್ದೇನೆ. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಬಿಟ್ಟು ಬೇರೇನೂ ಇಲ್ಲ. ಟೈರು, ಪ್ಲಾಸ್ಟಿಕ್ ಗೇಟಿನೊಳಗೆ ಬರುವುದಿಲ್ಲ. ಬೇಕಾದರೆ ಹೇಳದೆ ಕೇಳದೆ ಬಂದು ನೋಡಿ. ಕಬ್ಬು ಸಿಒ 86032 ತಳಿ, ಚೌಳು ಇಲ್ಲದ ಗದ್ದೆಯದು, ಸೂಲಂಗಿ ಬಂದ ಸಾಲುಗಳನ್ನು ಬಿಟ್ಟು ಕಡಿಯುತ್ತೇವೆ. ಚೌಳು ಗದ್ದೆಯ ಬೆಲ್ಲ ಬಾಯಿಗೆ ಉಪ್ಪುಪ್ಪಾಗಿರುತ್ತದೆ, ತಿಂದವರಿಗೆ ಕೂಡಲೇ ಗೊತ್ತಾಗುತ್ತದೆ.

ಸ್ಯಾಂಪಲ್ ಪ್ಯಾಕೆಟ್ ತೆರೆದಿಟ್ಟು ವಾರವಾಗಿದ್ದರೆ, ಅಥವಾ ಫ್ರಿಜ್‌ನಿಂದ ತೆಗೆದು ಹೊರಗಿಟ್ಟಿದ್ದರೆ, ಮೇಲ್ಮೈ ಅಂಟಂಟಾಗಿರಬಹುದು. ಬೆಲ್ಲ ಗಾಳಿಯ ತೇವ ಎಳೆಯುತ್ತದೆ, ತಣ್ಣಗಿನ ಬೆಲ್ಲದ ಮೇಲಂತೂ ಕ್ಷಣದಲ್ಲಿ ನೀರಾಡುತ್ತದೆ. ಅದರ ಮೇಲೆ ತೀರ್ಮಾನ ಮಾಡಬೇಡಿ. ಹೇಳಿದರೆ ಮಾರನೆಯ ದಿನವೇ ಹೊಸ ಪ್ಯಾಕೆಟ್ ತಂದುಕೊಡುತ್ತೇನೆ. ಪಾಯಸಕ್ಕೆ ಹಾಕಿ ನೋಡುವವರಿದ್ದರೆ, ಹಾಲು ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಬೆಲ್ಲ ಹಾಕಲು ತಿಳಿಸಿ. ಕುದಿಯುವ ಹಾಲಿಗೆ ಹಾಕಿದರೆ ಒಳ್ಳೆಯ ಬೆಲ್ಲದಲ್ಲೂ ಒಮ್ಮೊಮ್ಮೆ ಹಾಲು ಒಡೆಯುತ್ತದೆ. ಗಿರಾಕಿಗಳಿಂದ ಬರುವ ದೂರಿನಲ್ಲಿ ಇದೇ ಹೆಚ್ಚು, ಆದ್ದರಿಂದ ಲೇಬಲ್‌ನ ಹಿಂದೆ ಈ ಸಾಲನ್ನೂ ಹಾಕಿಸೋಣವೆಂದಿದ್ದೇನೆ.

ತೂಕ: ಆರುತ್ತಾ ಆರುತ್ತಾ ಬೆಲ್ಲ ಕೆಲವು ಗ್ರಾಂ ಕಳೆದುಕೊಳ್ಳುತ್ತದೆ, ಅದಕ್ಕೆ 1 ಕೆ.ಜಿ. ಪ್ಯಾಕೆಟ್‌ಗೆ 1,010 ಗ್ರಾಂ ತುಂಬುತ್ತೇವೆ. ಆರು ತಿಂಗಳ ಅವಧಿ ಹಾಕುತ್ತೇವೆ, ಆದರೆ ಮಳೆ ಹಿಡಿಯುವ ಮೊದಲೇ ಮಾರಿ ಮುಗಿಸುವುದು ಒಳ್ಳೆಯದು. ನೆಲದ ಮೇಲೆ ಪೆಟ್ಟಿಗೆ ಜೋಡಿಸದೆ ಹಲಗೆಯ ಮೇಲಿಡಿಸಿ.

ಖರೀದಿ ನಿರ್ಧಾರ ಬೇರೆಯವರ ಕೈಯಲ್ಲಿದ್ದರೆ ಅವರ ಹೆಸರು ಅಥವಾ ಮೇಲ್ ವಿಳಾಸ ಕೊಟ್ಟರೂ ಆಯಿತು, ನಿಮ್ಮನ್ನು ನಡುವೆ ನಿಲ್ಲಿಸುವುದಿಲ್ಲ. ಉತ್ತರ ಬಾರದಿದ್ದರೆ 13ರ ಶುಕ್ರವಾರ ಮಧ್ಯಾಹ್ನ 4 ಗಂಟೆಗೆ ನಿಮ್ಮ ಕಚೇರಿಯ ನಂಬರಿಗೆ ಒಮ್ಮೆ ಫೋನ್ ಮಾಡುತ್ತೇನೆ. ಆ ಹೊತ್ತು ಅನುಕೂಲವಿಲ್ಲದಿದ್ದರೆ ಎತ್ತಬೇಕಾಗಿಲ್ಲ, ಮತ್ತೆ ಮತ್ತೆ ಮಾಡುವುದಿಲ್ಲ. 16ರ ಸಂಜೆಯವರೆಗೂ ಏನೂ ತಿಳಿಯದಿದ್ದರೆ ಯುಗಾದಿಯ ಮಾತು ಮುಗಿಯಿತೆಂದು ತಿಳಿದು ಗದ್ದೆಗೆ ನೀರು ಬಿಡುತ್ತೇನೆ. ಅದರಿಂದ ಬೇಸರವೇನೂ ಇಲ್ಲ. ಗಣೇಶನ ಹಬ್ಬದ ಹೊತ್ತಿಗೆ ಬೇಕಾದರೆ ಜುಲೈನಲ್ಲಿ ಹೊಸದಾಗಿ ಸ್ಯಾಂಪಲ್ ಕಳಿಸಿ ಕೇಳುತ್ತೇನೆ.

ಸ್ಯಾಂಪಲ್‌ಗೆ ಸಮಯ ಕೊಟ್ಟದ್ದಕ್ಕೆ ಧನ್ಯವಾದ.

ಇತಿ,
ಮಹದೇವಸ್ವಾಮಿ
ಆಲೆಮನೆ ಉಸ್ತುವಾರಿ, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ
(ಫೋನ್ ನಂಬರ್ ಸ್ಯಾಂಪಲ್ ಪ್ಯಾಕೆಟ್‌ನ ಚೀಟಿಯಲ್ಲಿದೆ. ಬೆಳಿಗ್ಗೆ 11ರ ನಂತರ ಮಾಡಿದರೆ ಒಳ್ಳೆಯದು, ಅದಕ್ಕೆ ಮೊದಲು ಕೊಪ್ಪರಿಗೆಯ ಹತ್ತಿರ ಇರುತ್ತೇನೆ.)

ಲಗತ್ತು: 1. ಲ್ಯಾಬ್ ವರದಿ, ಒಂದು ಪುಟ. 2. ದರಪಟ್ಟಿ, ಒಂದು ಪುಟ.