‘ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್’: ಮೊದಲ ಎಂಟು ಅಧ್ಯಾಯಗಳ ಕಥಾಸಾರ

ಆತ್ಮೀಯರೇ,

ನೀವು ಬರಲಾಗದ ಮೂರು ಸಭೆಗಳಲ್ಲಿ ನಾವು ಎಂಟನೆಯ ಅಧ್ಯಾಯದವರೆಗೆ ಚರ್ಚಿಸಿದ್ದೇವೆ. 1886ರಲ್ಲಿ ಪ್ರಕಟವಾದ ಈ ಕಾದಂಬರಿಯ ಗುಟ್ಟು ಅದರ ಮೊದಲ ಓದುಗರಿಗೆ ತಿಳಿದಿರಲಿಲ್ಲವಾದ್ದರಿಂದ, ಅದನ್ನು ಇಲ್ಲಿ ನಾನೂ ಬಿಚ್ಚಿಟ್ಟಿಲ್ಲ.

ಮೊದಲ ಅಧ್ಯಾಯದಲ್ಲಿ ಲಂಡನ್ನಿನ ವಕೀಲ ಅಟರ್ಸನ್ ತನ್ನ ಬಂಧು ಎನ್‌ಫೀಲ್ಡ್‌ನೊಡನೆ ಭಾನುವಾರದ ನಡಿಗೆಗೆ ಹೊರಟಾಗ, ಒಂದು ಹಳೆಯ ಬಾಗಿಲು ಎನ್‌ಫೀಲ್ಡ್‌ಗೆ ಹಿಂದಿನ ಘಟನೆಯೊಂದನ್ನು ನೆನಪಿಸುತ್ತದೆ. ನಸುಕಿನ ಮೂರು ಗಂಟೆಗೆ ಪುಟ್ಟ ಹುಡುಗಿಯೊಬ್ಬಳನ್ನು ತುಳಿದುಕೊಂಡೇ ಹೋದ ಹೈಡ್ ಎಂಬಾತ, ಸೇರಿದ ಜನ ನೂರು ಪೌಂಡ್ ಪರಿಹಾರ ಕೇಳಿದಾಗ ಅದೇ ಬಾಗಿಲೊಳಗೆ ಹೋಗಿ ಹತ್ತು ಪೌಂಡ್ ಚಿನ್ನದ ನಾಣ್ಯಗಳನ್ನೂ, ಉಳಿದ ಹಣಕ್ಕೆ ಗಣ್ಯರೊಬ್ಬರ ಸಹಿಯಿದ್ದ ಚೆಕ್ಕನ್ನೂ ತಂದುಕೊಡುತ್ತಾನೆ. ಚೆಕ್ಕು ಅಸಲಿಯೇ ಆಗಿತ್ತೆಂಬುದು ಎನ್‌ಫೀಲ್ಡ್‌ಗೆ ಇಂದಿಗೂ ಅರ್ಥವಾಗದ ಸಂಗತಿ.

ಎರಡನೆಯದರಲ್ಲಿ ಅಟರ್ಸನ್ ತನ್ನ ಗೆಳೆಯ ಡಾ. ಜೆಕಿಲ್‌ನ ಉಯಿಲನ್ನು ತೆಗೆದು ನೋಡುತ್ತಾನೆ. ಜೆಕಿಲ್ ಸತ್ತರೆ ಮಾತ್ರವಲ್ಲ, ಮೂರು ತಿಂಗಳಿಗೂ ಹೆಚ್ಚು ಕಾಲ ಕಾಣೆಯಾದರೂ ಆಸ್ತಿಯೆಲ್ಲ ಹೈಡ್‌ಗೆ ಸೇರಬೇಕೆಂದು ಅದರಲ್ಲಿದೆ. ‘ಕಾಣೆಯಾದರೆ’ ಎಂಬ ಆ ಮಾತಿನ ಮೇಲೆಯೇ ನಮ್ಮ ಮೊದಲ ಸಭೆಯ ಬಹುಪಾಲು ಕಳೆಯಿತು. ಅಟರ್ಸನ್ ಬಾಗಿಲ ಬಳಿ ಕಾದು ಹೈಡ್‌ನನ್ನು ಕಾಣುತ್ತಾನೆ. ಆ ಬಾಗಿಲು ಜೆಕಿಲ್‌ನ ಮನೆಯ ಹಿಂಬದಿಯದೇ. ಮೂರನೆಯ ಅಧ್ಯಾಯ ಚಿಕ್ಕದು: ಬೇಕೆಂದಾಗ ಹೈಡ್‌ನಿಂದ ಬಿಡಿಸಿಕೊಳ್ಳಬಲ್ಲೆನೆಂದು ಜೆಕಿಲ್ ಭರವಸೆ ಕೊಡುತ್ತಾನೆ.

ಸುಮಾರು ಒಂದು ವರ್ಷದ ನಂತರ, ನಾಲ್ಕನೆಯ ಅಧ್ಯಾಯದಲ್ಲಿ, ಹೈಡ್ ಸರ್ ಡ್ಯಾನ್ವರ್ಸ್ ಕ್ಯಾರ್ಯೂ ಅವರನ್ನು ಬಡಿದು ಕೊಲ್ಲುವುದನ್ನು ಮನೆಗೆಲಸದ ಹುಡುಗಿಯೊಬ್ಬಳು ಕಿಟಕಿಯಿಂದ ನೋಡುತ್ತಾಳೆ. ಮುರಿದ ಕೈಕೋಲು ಅಟರ್ಸನ್ನನೇ ಹಿಂದೆ ಜೆಕಿಲ್‌ಗೆ ಕೊಟ್ಟ ಉಡುಗೊರೆ. ಐದನೆಯದರಲ್ಲಿ, ತಾನು ತಪ್ಪಿಸಿಕೊಳ್ಳಬಲ್ಲೆನೆಂದು ಹೈಡ್ ಬರೆದನೆನ್ನಲಾದ ಪತ್ರವನ್ನು ಜೆಕಿಲ್ ತೋರಿಸುತ್ತಾನೆ. ಆದರೆ ಆ ಅಕ್ಷರಗಳಿಗೂ ಜೆಕಿಲ್‌ನ ಬರಹಕ್ಕೂ ಓರೆಯಲ್ಲಷ್ಟೇ ವ್ಯತ್ಯಾಸವೆಂದು ಅಟರ್ಸನ್ನನ ಗುಮಾಸ್ತ ಗುರುತಿಸುತ್ತಾನೆ. ಜೆಕಿಲ್ ಕೊಲೆಗಾರನನ್ನು ಉಳಿಸಲು ಖೋಟಾ ಪತ್ರ ಬರೆದನೆಂದೇ ಅಟರ್ಸನ್ ಭಾವಿಸುತ್ತಾನೆ. ಅವನ ಸ್ನೇಹವೇ ಅವನ ಊಹೆಯನ್ನು ಕಟ್ಟಿಹಾಕುತ್ತಿದೆ ಎಂಬುದು ನನ್ನ ಅಭಿಪ್ರಾಯ, ಕೆಲವರು ಒಪ್ಪಲಿಲ್ಲ.

ಆರನೆಯದರಲ್ಲಿ ಹಳೆಯ ಗೆಳೆಯ ಡಾ. ಲ್ಯಾನ್ಯನ್ ಏನನ್ನೋ ಕಂಡ ಆಘಾತದಿಂದ ಕೆಲವೇ ವಾರಗಳಲ್ಲಿ ತೀರಿಕೊಳ್ಳುತ್ತಾನೆ. ಜೆಕಿಲ್ ಸಾಯುವ ಅಥವಾ ಕಾಣೆಯಾಗುವ ತನಕ ತೆರೆಯಬಾರದೆಂಬ ಲಕೋಟೆಯೊಂದನ್ನು ಬಿಟ್ಟುಹೋಗುತ್ತಾನೆ. ಮತ್ತೆ ಅದೇ ಮಾತು! ಏಳನೆಯದು ಎರಡೇ ಪುಟಗಳಷ್ಟಿದ್ದರೂ ದಯವಿಟ್ಟು ಮೂಲವನ್ನೇ ಓದಿ: ಕಿಟಕಿಯಲ್ಲಿ ಮಾತನಾಡುತ್ತಿದ್ದ ಜೆಕಿಲ್‌ನ ನಗು ಒಮ್ಮೆಲೇ ಅಳಿದು, ಮುಖದಲ್ಲಿ ಭೀತಿ ಮೂಡಿ, ಕಿಟಕಿ ಮುಚ್ಚುತ್ತದೆ.

ಎಂಟನೆಯ ಅಧ್ಯಾಯದಲ್ಲಿ ಸೇವಕ ಪೂಲ್, ಒಡೆಯನ ಕೋಣೆಯಿಂದ ಬೇರಾರದೋ ದನಿ ಬರುತ್ತಿದೆಯೆಂದು ಅಟರ್ಸನ್ನನನ್ನು ಕರೆತರುತ್ತಾನೆ. ಕೊಡಲಿಯಿಂದ ಬಾಗಿಲು ಒಡೆದಾಗ ಸಿಗುವುದು, ಮೈಗೆ ದೊಗಳೆಯಾದ ಬಟ್ಟೆಯಲ್ಲಿ ವಿಷ ಕುಡಿದು ಬಿದ್ದಿರುವ ಹೈಡ್. ಜೆಕಿಲ್ ಎಲ್ಲಿಯೂ ಇಲ್ಲ. ಹೊಸ ಉಯಿಲಿನಲ್ಲಿ ಹೈಡ್‌ನ ಹೆಸರಿದ್ದ ಕಡೆ ಅಟರ್ಸನ್ನನ ಹೆಸರಿದೆ. ಲ್ಯಾನ್ಯನ್‌ನ ಲಕೋಟೆಯನ್ನು ಮೊದಲು, ತನ್ನ ನಿವೇದನೆಯನ್ನು ನಂತರ ಓದಬೇಕೆಂದು ಜೆಕಿಲ್ ಬರೆದಿಟ್ಟಿದ್ದಾನೆ. ಒಂಬತ್ತು ಮತ್ತು ಹತ್ತನೆಯ ಅಧ್ಯಾಯಗಳು ಆ ಎರಡು ಬರಹಗಳೇ. ನೀವೂ ಅದೇ ಕ್ರಮದಲ್ಲಿ ಓದಿಕೊಂಡು ಬನ್ನಿ.