ಡಿಜಿಟಲ್ ಪಾವತಿ ಮತ್ತು ರಿಟರ್ನ್‌ನಲ್ಲಿ ತೋರಿಸಿದ ವಹಿವಾಟಿನ ವ್ಯತ್ಯಾಸ: ನಮೂನೆ ASMT-10 ನೋಟಿಸ್

ಕರ್ನಾಟಕ ಸರ್ಕಾರ
ವಾಣಿಜ್ಯ ತೆರಿಗೆಗಳ ಇಲಾಖೆ
ವಾಣಿಜ್ಯ ತೆರಿಗೆ ಅಧಿಕಾರಿಯವರ ಕಚೇರಿ, ದಾವಣಗೆರೆ

ಉಲ್ಲೇಖ ಸಂಖ್ಯೆ: ZD290725041863K
ದಿನಾಂಕ: 21-07-2025

ಮಾಲೀಕರಿಗೆ,
ನಂದಾದೀಪ ಕಿರಾಣಿ ಮತ್ತು ಜನರಲ್ ಸ್ಟೋರ್ಸ್, ದಾವಣಗೆರೆ
GSTIN: 29BQXKV4407M1ZT

ವಿಷಯ: 2023-24ನೇ ಸಾಲಿನ ರಿಟರ್ನ್‌ಗಳ ಪರಿಶೀಲನೆ: ಜಿಎಸ್‌ಟಿ ಕಾಯ್ದೆ 2017ರ ಕಲಂ 61 ಮತ್ತು ನಿಯಮ 99ರ ಅಡಿ ನೋಟಿಸ್.

ಮಾನ್ಯರೇ,

2023-24ರಲ್ಲಿ ತಮ್ಮ ಅಂಗಡಿಯ ಹೆಸರಿನಲ್ಲಿ ಮತ್ತು ತಮ್ಮ ಪ್ಯಾನ್‌ಗೆ ಜೋಡಣೆಯಾದ ಖಾತೆಗಳಲ್ಲಿ ಜಮೆಯಾದ ಡಿಜಿಟಲ್ ಪಾವತಿಗಳನ್ನು ತಾವು ಸಲ್ಲಿಸಿದ 12 GSTR-3B ರಿಟರ್ನ್‌ಗಳೊಂದಿಗೆ ತಾಳೆ ನೋಡಲಾಗಿದೆ. ಚಾಲ್ತಿ ಖಾತೆಯ ಕ್ಯೂಆರ್ ಮೂಲಕ ರೂ. 48,71,640, ಕಾರ್ಡ್ ಯಂತ್ರದಿಂದ ರೂ. 2,16,250, ಗಲ್ಲಾದ ಬಳಿ ಅಂಟಿಸಿರುವ ಎರಡನೇ ಕ್ಯೂಆರ್ ಮೂಲಕ ತಮ್ಮ ಉಳಿತಾಯ ಖಾತೆಗೆ ರೂ. 11,54,910 ಬಂದಿದೆ. ಒಟ್ಟು ರೂ. 62,42,800.

ತಾವು ತೋರಿಸಿದ ವಹಿವಾಟು ರೂ. 39,26,100. ಇದರಲ್ಲಿ ವಿನಾಯಿತಿ ಸರಕು ರೂ. 13,18,400, ಶೇ. 5ರ ಸರಕು ರೂ. 14,06,200, ಶೇ. 12ರ ಸರಕು ರೂ. 3,97,500, ಶೇ. 18ರ ಸರಕು ರೂ. 8,04,000. ಗ್ರಾಹಕರು ಕೊಡುವ ಹಣದಲ್ಲಿ ತೆರಿಗೆಯೂ ಸೇರಿರುತ್ತದೆ. ಆದ್ದರಿಂದ ತಾವು ಕಟ್ಟಿದ ರೂ. 2,62,730 ತೆರಿಗೆಯನ್ನೂ ಕೂಡಿಸಿ ರೂ. 41,88,830 ಎಂದು ಹಿಡಿದು ಹೋಲಿಸಲಾಗಿದೆ. ವ್ಯತ್ಯಾಸ ರೂ. 20,53,970.

ಈ ಲೆಕ್ಕದಲ್ಲಿ ನಗದು ಮಾರಾಟವನ್ನು ಸೊನ್ನೆ ಎಂದೇ ಹಿಡಿಯಲಾಗಿದೆ. ಕಿರಾಣಿ ಅಂಗಡಿಯಲ್ಲಿ ವರ್ಷವಿಡೀ ನಗದು ವ್ಯಾಪಾರವೇ ಇಲ್ಲದಿರುವುದು ಸಂಭವವಲ್ಲ. ಹಾಗಾಗಿ ನಗದು ಪುಸ್ತಕ ಹಾಜರುಪಡಿಸುವಾಗ ವ್ಯತ್ಯಾಸ ಹೆಚ್ಚಾಗುವ ಸಾಧ್ಯತೆಯೂ ಇದೆ ಎಂಬುದು ಗಮನದಲ್ಲಿರಲಿ.

ಇಡೀ ವ್ಯತ್ಯಾಸಕ್ಕೆ ಶೇ. 18ರ ದರ ಹಾಕುವುದು ನ್ಯಾಯವಲ್ಲ. ತಮ್ಮ ರಿಟರ್ನ್‌ನ ಪ್ರಮಾಣದಲ್ಲೇ ಹಂಚಲಾಗಿದೆ:

ವಿನಾಯಿತಿ: ರೂ. 6,46,470, ತೆರಿಗೆ ಇಲ್ಲ
ಶೇ. 5: ರೂ. 7,23,999, ಒಳಗಿನ ತೆರಿಗೆ ರೂ. 34,476
ಶೇ. 12: ರೂ. 2,18,301, ಒಳಗಿನ ತೆರಿಗೆ ರೂ. 23,389
ಶೇ. 18: ರೂ. 4,65,200, ಒಳಗಿನ ತೆರಿಗೆ ರೂ. 70,963

ಅಂದಾಜು ಬಾಕಿ ತೆರಿಗೆ ರೂ. 1,28,828 (ಕೇಂದ್ರ ಮತ್ತು ರಾಜ್ಯ ತಲಾ ರೂ. 64,414). ಕಲಂ 50ರ ಪ್ರಕಾರ ವಾರ್ಷಿಕ ಶೇ. 18 ಬಡ್ಡಿ, ಆಯಾ ತಿಂಗಳ GSTR-3B ಗಡುವಿನ ಮರುದಿನದಿಂದ ಪಾವತಿಯ ದಿನದವರೆಗೆ. ಪೂರ್ಣ ಬಾಕಿಯ ಮೇಲೆ ಇದು ದಿನಕ್ಕೆ ರೂ. 63.53 ಆಗುತ್ತದೆ.

ಇದು ಅಂದಾಜು, ಆದೇಶವಲ್ಲ. ಖಾತೆಗೆ ಬಂದ ಪ್ರತಿ ರೂಪಾಯಿಯೂ ಮಾರಾಟವಲ್ಲ. ಮನೆಯವರಿಂದ ಪಡೆದ ಕೈಸಾಲ, ತಮ್ಮದೇ ಖಾತೆಗಳ ನಡುವಿನ ವರ್ಗಾವಣೆ, ಚೀಟಿ ಹಣ, ಗ್ರಾಹಕ ಯುಪಿಐ ಮಾಡಿ ನಗದು ಪಡೆದದ್ದು, ವಾಪಸು ಕೊಟ್ಟ ಮೊತ್ತ, ರೀಚಾರ್ಜ್ ಮತ್ತು ವಿದ್ಯುತ್ ಬಿಲ್‌ಗಾಗಿ ಸಂಗ್ರಹಿಸಿ ಮುಂದಕ್ಕೆ ಕಟ್ಟಿದ ಹಣ ಇವುಗಳಲ್ಲಿ ಯಾವುದಿದ್ದರೂ ತೋರಿಸಬಹುದು. ಕೊನೆಯದರಲ್ಲಿ ಕಮಿಷನ್ ಮಾತ್ರ ತಮ್ಮ ವಹಿವಾಟು. "ಒಂದಿಷ್ಟು ಸಾಲದ ಹಣ" ಎಂಬ ಒಂದು ಸಾಲಿನ ಉತ್ತರವನ್ನು ಒಪ್ಪಲಾಗದು. ದಿನಾಂಕ, ಮೊತ್ತ, ಯುಟಿಆರ್ ಸಂಖ್ಯೆ, ಕೊಟ್ಟವರು, ಕಾರಣ, ಈ ಐದು ಕಾಲಂಗಳ ಪಟ್ಟಿ ಮಾಡಿ, ಬ್ಯಾಂಕ್ ನೀಡಿದ ಪೂರ್ಣ ಸ್ಟೇಟ್‌ಮೆಂಟ್ ಜೊತೆಗಿಡಿ. ಸಾಲುಗಳನ್ನು ತೆಗೆದ ಎಕ್ಸೆಲ್ ಪ್ರತಿ ಬೇಡ.

ವಿನಾಯಿತಿ ಮಾರಾಟ ಇನ್ನೂ ಹೆಚ್ಚಿತ್ತು ಎಂದಾದರೆ ಹಾಲು, ತರಕಾರಿ, ಹಣ್ಣು, ಬ್ರೆಡ್, ಉಪ್ಪು, ಬಿಡಿಯಾಗಿ ತೂಗಿ ಕೊಟ್ಟ ಅಕ್ಕಿ-ಬೇಳೆಯ ಖರೀದಿ ಬಿಲ್ಲುಗಳು ಬೇಕು. ಇಲ್ಲೇ ಹೆಚ್ಚಿನ ಅಂಗಡಿಗಳು ಎಡವುವುದು: 18-07-2022ರಿಂದ ಲೇಬಲ್ ಇರುವ 25 ಕೆ.ಜಿ.ವರೆಗಿನ ಅಕ್ಕಿ, ಬೇಳೆ, ಹಿಟ್ಟಿನ ಪ್ಯಾಕೆಟ್‌ಗಳಿಗೆ ಶೇ. 5 ತೆರಿಗೆ ಇದೆ. ಜೊತೆಗೆ, ವಿನಾಯಿತಿ ಮಾರಾಟ ಹೆಚ್ಚಿದಂತೆ ಸಾಮಾನ್ಯ ಖರ್ಚುಗಳ ಹೂಡುವಳಿ ತೆರಿಗೆಯನ್ನು ನಿಯಮ 42ರಂತೆ ಹಿಂದಿರುಗಿಸುವ ಮೊತ್ತವೂ ಹೆಚ್ಚುತ್ತದೆ. ಆ ವರ್ಷ ಪಡೆಯದೆ ಬಿಟ್ಟ ಹೂಡುವಳಿ ತೆರಿಗೆಯನ್ನು ಈಗ ಹೊಂದಿಸಲು ಬರುವುದಿಲ್ಲ. ಕಲಂ 16(4)ರ ಗಡುವು 30-11-2024ಕ್ಕೆ ಮುಗಿದಿದೆ.

ಉತ್ತರವನ್ನು 20-08-2025ರೊಳಗೆ ನಮೂನೆ ASMT-11ರಲ್ಲಿ ಪೋರ್ಟಲ್‌ನಲ್ಲೇ ಸಲ್ಲಿಸಿ: Services > User Services > View Additional Notices/Orders. ಒಪ್ಪಿಗೆಯಾದಷ್ಟು ತೆರಿಗೆ ಮತ್ತು ಬಡ್ಡಿಯನ್ನು DRC-03ರಲ್ಲಿ ಕಟ್ಟಿ, ಈ ನೋಟಿಸ್‌ನ ಉಲ್ಲೇಖ ಸಂಖ್ಯೆಯನ್ನೇ ನಮೂದಿಸಿ. ವಿವರಣೆ ಸಮರ್ಪಕವಾಗಿದ್ದರೆ ASMT-12ರ ಮೂಲಕ ಪರಿಶೀಲನೆ ಮುಕ್ತಾಯವಾಗಿದೆ ಎಂದು ತಿಳಿಸಲಾಗುವುದು.

ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಾಗಿಲ್ಲದಿದ್ದರೆ ಕಲಂ 73ರ ಅಡಿ ಕಾರಣ ಕೇಳಿ ನೋಟಿಸ್ ಹೊರಡುತ್ತದೆ. ಆದೇಶದ ಹಂತದಲ್ಲಿ ದಂಡ ತೆರಿಗೆಯ ಶೇ. 10 ಅಥವಾ ರೂ. 10,000, ಯಾವುದು ಹೆಚ್ಚೋ ಅದು. ಈ ಮೊತ್ತಕ್ಕೆ ಎರಡೂ ಕಾಯ್ದೆಗಳಡಿ ತಲಾ ರೂ. 10,000 ಬೀಳುತ್ತದೆ. ಕಾರಣ ಕೇಳಿ ನೋಟಿಸ್‌ಗೆ ಮೊದಲೇ ತೆರಿಗೆ, ಬಡ್ಡಿ ಕಟ್ಟಿದರೆ ಕಲಂ 73(5) ಮತ್ತು 73(6)ರಂತೆ ಆ ಮೊತ್ತಕ್ಕೆ ನೋಟಿಸೂ ಇಲ್ಲ, ದಂಡವೂ ಇಲ್ಲ.

ಯುಪಿಐ ಬಳಕೆಗೆ ಪ್ರತ್ಯೇಕ ತೆರಿಗೆ ಇಲ್ಲ. ನಗದಿನಲ್ಲಿ ಮಾರಿದರೂ ದರ ಅದೇ. ಕ್ಯೂಆರ್ ಕಿತ್ತುಹಾಕುವುದರಿಂದ 2023-24ರ ಲೆಕ್ಕ ಬದಲಾಗುವುದಿಲ್ಲ. ಖುದ್ದಾಗಿ ಬಂದು ವಿವರಿಸಲು ಇಚ್ಛಿಸಿದರೆ ಮೇಲಿನ ದಿನಾಂಕದೊಳಗೆ ಕಚೇರಿ ವೇಳೆಯಲ್ಲಿ ಖರೀದಿ ಬಿಲ್ಲು, ನಗದು ಪುಸ್ತಕ, ಮೂರೂ ಬಗೆಯ ಪಾವತಿಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ಗಳೊಂದಿಗೆ ಬರಬಹುದು.

ಸಹಿ/-
ವಾಣಿಜ್ಯ ತೆರಿಗೆ ಅಧಿಕಾರಿ, ದಾವಣಗೆರೆ